ಶಾಲೆಯ 14 ಲಕ್ಷದ ಬಗ್ಗೆ ಒಂದು ಸ್ಪಷ್ಟನೆ

"ಟ್ರಸ್ಟ್ ಹತ್ರ 14 ಲಕ್ಷ ಇದೆ, ಆದ್ರೂ ಟೀಚರ್‌ಗಳಿಗೆ ಎರಡು ತಿಂಗಳಿಂದ ಸಂಬಳ ಇಲ್ಲ. ದುಡ್ಡು ಯಾರ ಜೇಬಿಗೆ ಹೋಗ್ತಿದೆ?" ಎಂದು ಕೆಲವರು ಕೇಳುತ್ತಿದ್ದಾರೆ.

ತೀರ್ಥಹಳ್ಳಿ ಕಡೆಯ ನಮ್ಮ ಶಾಲೆಯ ಲೆಕ್ಕ ಬರೆಯುವವನು ನಾನು. ಅಂಕಿ ಸರಿ, ಆದರೆ ಅದು ಒಂದೇ ಗಂಟಲ್ಲ. 9 ಲಕ್ಷ ಚಾವಣಿಗೆಂದೇ ಬಂದ ದೇಣಿಗೆ. ಕಳೆದ ಮಳೆಗಾಲ ಏಳನೇ ಕ್ಲಾಸಿನಲ್ಲಿ ಬಕೆಟ್ ಇಟ್ಟು ಪಾಠ ಮಾಡಿದ್ದು ನೆನಪಿದೆ ಅಲ್ವಾ? ಅದಕ್ಕೇ ಕೊಟ್ಟಿದ್ದು. ರಸೀದಿಯಲ್ಲೂ 'ಚಾವಣಿಗೆ' ಎಂದೇ ಬರೆದಿದೆ. 3.5 ಲಕ್ಷ ಮೂಲನಿಧಿ. ಅದು ಎಫ್‌ಡಿಯಲ್ಲಿದೆ, ಬಡ್ಡಿ ಮಾತ್ರ ಮುಟ್ಟಬಹುದು. ಉಳಿದ 1.5 ಲಕ್ಷವಷ್ಟೇ ಸಾಮಾನ್ಯ ನಿಧಿ. ಸಂಬಳಕ್ಕೆ ತಿಂಗಳಿಗೆ 2.1 ಲಕ್ಷ ಬೇಕು. ಬಾಕಿ ಇರುವ ಫೀಸು ಬಂದರೆ ಮಾತ್ರ ಈ ಕೊರತೆ ತುಂಬುತ್ತದೆ.

ಚಾವಣಿ ದುಡ್ಡನ್ನು ಸಂಬಳಕ್ಕೆ ಹಾಕಬೇಕಾದರೆ ಕೊಟ್ಟವರು ಬರೆದು ಒಪ್ಪಬೇಕು. ಟ್ರಸ್ಟಿಗಳ ಠರಾವು ಒಂದೇ ಸಾಲದು.

ಒಂದು ತಪ್ಪು ನಮ್ಮದೇ. ಎಲ್ಲ ದುಡ್ಡನ್ನೂ 'ಬ್ಯಾಂಕ್ ಶಿಲ್ಕು' ಎಂದು ಒಂದೇ ಸಾಲಿನಲ್ಲಿ ತೋರಿಸಿ ನೋಟಿಸ್ ಬೋರ್ಡಿಗೆ ಹಾಕಿದ್ದೆವು. ಅದನ್ನು ನೋಡಿದವರಿಗೆ ಅನುಮಾನ ಬಂದರೆ ತಪ್ಪೇನು?

ನೀವೇ ಪರೀಕ್ಷೆ ಮಾಡಬಹುದು. ಆಸ್ತಿ–ಹೊಣೆ ಪಟ್ಟಿಯ ಹೊಣೆ ಭಾಗದಲ್ಲಿ ಚಾವಣಿ ನಿಧಿ, ಮೂಲನಿಧಿ ಕೂಡಿಸಿ. ಆಸ್ತಿ ಭಾಗದಲ್ಲಿ ಬ್ಯಾಂಕು, ಎಫ್‌ಡಿ ಕೂಡಿಸಿ. ಎರಡನೆಯ ಮೊತ್ತ ಕಡಿಮೆ ಇದ್ದರೆ ಒಂದು ಉದ್ದೇಶಕ್ಕೆ ಕೊಟ್ಟ ದುಡ್ಡು ಬೇರೆ ಕಡೆ ಖರ್ಚಾಗಿರಬಹುದು. ನಮ್ಮಲ್ಲಿ ಮೊದಲನೆಯದು 12.5, ಎರಡನೆಯದು 14. ಪಾಸ್‌ಬುಕ್ ಆಫೀಸಿನಲ್ಲಿದೆ, ಬಂದು ನೋಡಿ.