ಬೆಳಗಿನ ಫೇಸ್‌ವಾಶ್ ಜಿಮ್ ಮುಗಿದ ಮೇಲಿರಲಿ

"ಎದ್ದಾಗ, ಜಿಮ್ ಆದ್ಮೇಲೆ, ರಾತ್ರಿ, ಹೀಗೆ ಮೂರು ಸಲ ಫೇಸ್‌ವಾಶ್ ಹಾಕ್ತೀನಿ. ಆದ್ರೂ ಹಣೆ ತುಂಬ ಸಣ್ಣ ಗುಳ್ಳೆ. ಯಾಕೆ?"

ಎದ್ದಾಗಿನ ಫೇಸ್‌ವಾಶ್ ಬಿಟ್ಟುಬಿಡಿ, ಬರೀ ನೀರು ಸಾಕು. ಜಿಮ್ ಮುಗಿದ ಕೂಡಲೇ ಒಮ್ಮೆ, ರಾತ್ರಿ ಒಮ್ಮೆ ಸೌಮ್ಯವಾದ ಫೇಸ್‌ವಾಶ್ ಹಾಕಿ. ತೊಳೆದ ಸ್ವಲ್ಪ ಹೊತ್ತಿಗೆ ಕೆನ್ನೆ ಬಿಗಿ ಹಿಡಿದು ಉರಿದರೆ, ತೊಳೆಯುವುದು ಜಾಸ್ತಿಯಾಗಿದೆ ಅಥವಾ ಆ ಫೇಸ್‌ವಾಶ್ ನಿಮಗೆ ಖಾರವಾಗಿದೆ. ತೊಳೆದ ಮೇಲೆ ಎಣ್ಣೆಯಂಶವಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಬಿಸಿಲಿಗೆ ಹೋಗುವುದಿದ್ದರೆ ಅದರ ಮೇಲೆ ಸನ್‌ಸ್ಕ್ರೀನ್.

ಗುಳ್ಳೆ ಹಣೆಯಲ್ಲೇ ಜಾಸ್ತಿ ಅಲ್ವಾ? ಹಾಗಾದರೆ ತಲೆಗೆ ಹಚ್ಚುವ ಎಣ್ಣೆ ನೋಡಿ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಬೆಳಿಗ್ಗೆ ಹಾಗೇ ಜಿಮ್‌ಗೆ ಹೋದರೆ, ಅದು ಬೆವರಿನ ಜೊತೆ ಹಣೆಗಿಳಿದು ರಂಧ್ರ ಮುಚ್ಚುತ್ತದೆ. ಬಿಗಿಯಾದ ಹೆಡ್‌ಬ್ಯಾಂಡ್ ತಿಕ್ಕಿದರೂ ಗುಳ್ಳೆ ಏಳುತ್ತದೆ. ಬೆಂಚ್ ಒರೆಸಿದ ಟವೆಲ್ ಮುಖಕ್ಕೆ ಬೇಡ. ಬೇರೆ ಒಗೆದ ಬಟ್ಟೆಯಿಂದ ಉಜ್ಜದೆ, ಒತ್ತಿ ಒತ್ತಿ ಬೆವರು ತೆಗೆಯಿರಿ.

ಗುಳ್ಳೆಗಳೆಲ್ಲ ಒಂದೇ ಗಾತ್ರದಲ್ಲಿದ್ದು ಬೆವರಿದಾಗ ತುರಿಸಿದರೆ ಅದು ಮೊಡವೆಯೇ ಅಲ್ಲದಿರಬಹುದು. ಚರ್ಮದ ಮೇಲಿರುವ ಯೀಸ್ಟ್ ಎಂಬ ಶಿಲೀಂಧ್ರದಿಂದಲೂ ಹಾಗಾಗುತ್ತದೆ. ಅದಕ್ಕೆ ಮೊಡವೆ ಕ್ರೀಮ್ ನಾಟುವುದಿಲ್ಲ. ಸುಮ್ನೆ ಅಂಗಡಿ ಮುಲಾಮು ಹಚ್ಚದೆ ಚರ್ಮದ ಡಾಕ್ಟರಿಗೆ ತೋರಿಸಿ.