ಚಿಕ್ಕ ಅಕ್ಷರದ ಚಿಕ್ಕಮಗಳೂರು

ಮಲ್ಲಂದೂರು ಕಡೆಯ ಆ ಹೋಂಸ್ಟೇಯ ಇನ್‌ಸ್ಟಾಗ್ರಾಂ ಬಯೋ ನೀವೂ ನೋಡಿರ್ತೀರಿ. ಹೋದ ವಾರ ಊರಿನ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಅದರದೇ ಸ್ಕ್ರೀನ್‌ಶಾಟ್.

a house. some coffee. no hurry.

ಇಷ್ಟೇ. ಒಂದೂ ಕ್ಯಾಪಿಟಲ್ ಲೆಟರ್ ಇಲ್ಲ. ಮೂರು ಫುಲ್‌ಸ್ಟಾಪ್ ಇದೆ. ಇದನ್ನು ಬರೆದುಕೊಡೋಕೆ ಬೆಂಗಳೂರಿನಿಂದ ಒಂದು ಏಜೆನ್ಸಿ ಬಂದು, ಎರಡು ದಿನ ಅಲ್ಲೇ ಉಳಿದು, ಅಕ್ಕಿ ರೊಟ್ಟಿ ತಿಂದು, ಬಿಲ್ ಕಳಿಸಿದೆ.

ಮೊದಲು ಅಲ್ಲಿ ಏನಿತ್ತು ಅಂತ ಗೊತ್ತಲ್ಲ? ಮನೆ ಯಜಮಾನ ಗೌಡ್ರು ಸ್ವತಃ ಹಾಕಿದ್ದು: WELCOME TO OUR HOMESTAY!!! HOT WATER 24 HRS!!! VEG / NON VEG!!! ಆಮೇಲೆ ಫೋನ್ ನಂಬರ್. ಪೇಟೆ ಬೀದಿಯ ಬೋರ್ಡ್ ಬರೆಯುವವರಿಂದ ನಾವೆಲ್ಲ ಕಲಿತ ಇಂಗ್ಲಿಷ್ ಅದು. ಕೂಗುತ್ತೆ, ಒಪ್ಪಿದೆ. ಆದರೆ ಓದಿದವನಿಗೆ ಬಿಸಿನೀರು ಸಿಗುತ್ತೆ, ಕೋಳಿ ಸಾರು ಸಿಗುತ್ತೆ, ಯಾರಿಗೆ ಫೋನ್ ಮಾಡಬೇಕು ಅನ್ನೋದೆಲ್ಲ ತಿಳೀತಿತ್ತು. ಹೊಸದರಲ್ಲಿ ಮನೆ ಯಾವ ಜಿಲ್ಲೆಯಲ್ಲಿದೆ ಅಂತಲೂ ಗೊತ್ತಾಗೋದಿಲ್ಲ. ಬಯೋಗೆ ಇನ್‌ಸ್ಟಾಗ್ರಾಂ ಕೊಡುವುದು 150 ಅಕ್ಷರದ ಜಾಗ. ಇವರು ಬಳಸಿದ್ದು 31. ಉಳಿದ 119ರ ಖಾಲಿ ಜಾಗಕ್ಕೇ ಬಹುಶಃ ಬಿಲ್ ಬಿದ್ದಿರುವುದು.

ಈ ಸ್ಮಾಲ್ ಲೆಟರ್ ಫ್ಯಾಷನ್ನಿನ ಗುಟ್ಟು ಹೇಳ್ತೀನಿ ಕೇಳಿ. ನೋಡಿದರೆ ಯಾರೋ ಆರಾಮಾಗಿ ಜಗಲಿಯಲ್ಲಿ ಕೂತು, ತಲೆ ಕೆಡಿಸಿಕೊಳ್ಳದೆ ಟೈಪ್ ಮಾಡಿದ ಹಾಗಿರಬೇಕು. ಆದರೆ ಇವತ್ತಿನ ಫೋನಿನಲ್ಲಿ ತಲೆ ಕೆಡಿಸಿಕೊಳ್ಳದೆ ಟೈಪ್ ಮಾಡಿದರೆ ಮೊದಲ ಅಕ್ಷರ ತಾನಾಗಿಯೇ ಕ್ಯಾಪಿಟಲ್ ಆಗುತ್ತೆ. ಫುಲ್‌ಸ್ಟಾಪ್ ಇಟ್ಟು ಸ್ಪೇಸ್ ಒತ್ತಿದರೆ ಮುಂದಿನದೂ ಕ್ಯಾಪಿಟಲ್. ಐಫೋನ್ ಆದರೆ Settings ತೆಗೆದು, General ಒಳಗೆ Keyboard ಹುಡುಕಿ, Auto-Capitalization ಅನ್ನೋದನ್ನ ಆರಿಸಬೇಕು. ಇಲ್ಲವೇ ಒಂದೊಂದನ್ನೂ ಅಳಿಸಿ ಮತ್ತೆ ಹೊಡೆಯಬೇಕು. ಅಂದರೆ ಸುಮ್ನೆ ಬರೆದ ಹಾಗೆ ಕಾಣೋಕೆ ಇಷ್ಟು ದುಡಿಮೆ. ಇಸ್ತ್ರಿ ಮಾಡಿದ ಅಂಗಿಯನ್ನು ಕೂತು ಮುದುರಿ ಹಾಕಿಕೊಂಡ ಹಾಗೆ.

ಏಜೆನ್ಸಿ ಹುಡುಗನಿಗೆ ಇದೂ ಸಾಲಲಿಲ್ಲ. ಯೂಸರ್‌ನೇಮ್ ಕೊನೆಗೂ ಒಂದು ಚುಕ್ಕಿ ಬೇಕು ಅಂತ ಹಟ. ಅಲ್ಲಿ ಸಣ್ಣ ಅಕ್ಷರ, ಅಂಕಿ, ಚುಕ್ಕಿ, ಅಂಡರ್‌ಸ್ಕೋರ್ ಇಷ್ಟಕ್ಕೇ ಜಾಗ. ಚುಕ್ಕಿ ಕೂಡ ನಡುವೆ ಇರಬಹುದು, ಕೊನೆಯಲ್ಲಿ ಕೂರುವ ಹಾಗಿಲ್ಲ, ಜೋಡಿಯಾಗಿ ಬರುವ ಹಾಗೂ ಇಲ್ಲ. ಆ್ಯಪ್ ಆಗಲ್ಲ ಅಂತು. ಇಡೀ ಕಥೆಯಲ್ಲಿ ಬುದ್ಧಿ ಇದ್ದದ್ದು ಅದಕ್ಕೊಂದಕ್ಕೇ.

ಆ ಸಿಟ್ಟನ್ನ ಹುಡುಗ ನೇಮ್ ಅನ್ನೋ ಖಾನೆಯ ಮೇಲೆ ತೀರಿಸಿಕೊಂಡ. ಪ್ರೊಫೈಲಿನಲ್ಲಿ ದಪ್ಪಕ್ಕೆ ಕಾಣುತ್ತಲ್ಲ, ಅದು. ಮೊದಲು ಅಲ್ಲಿ Chikkamagaluru Homestay ಅಂತಿತ್ತು. ಅದನ್ನ Home. ಅಂತ ಮಾಡಿದ. ಎಚ್ ದೊಡ್ಡದಾಯ್ತು ಅಂತ ಬೇಜಾರಾಗಿ home. ಮಾಡಿದ. ಈಗ ಗಮ್ಮತ್ತು ನೋಡಿ. ಯಾರಾದರೂ ಇನ್‌ಸ್ಟಾಗ್ರಾಂನಲ್ಲಿ ಊರಿನ ಹೆಸರು ಹಾಕಿ ಹೋಂಸ್ಟೇ ಹುಡುಕಿದರೆ, ಹುಡುಕಾಟಕ್ಕೆ ಸಿಗುವ ಮುಖ್ಯ ಜಾಗವೇ ಆ ಖಾನೆ. ದೊಡ್ಡಕ್ಷರವೋ ಸಣ್ಣಕ್ಷರವೋ ಹುಡುಕಾಟಕ್ಕೆ ಎರಡೂ ಒಂದೇ, ಆದರೆ ಪದವಾದರೂ ಇರಬೇಕಲ್ಲ! ವಾಪಸ್ ಹಾಕೋಣ ಅಂದರೆ 14 ದಿನದಲ್ಲಿ ಎರಡೇ ಸಲ ಬದಲಿಸೋಕೆ ಬಿಡ್ತಾರೆ. ಒಂದು ಎಚ್ ಚಿಕ್ಕದು ಮಾಡೋಕೆ ಎರಡನೇ ಸಲ ಮುಗಿದಿತ್ತು. ದಸರಾ ರಜೆ ಅಲ್ಲಿಗೇ ಹೋಯ್ತು.

ಗೌಡ್ರಿಗಾದರೂ ಹೋದದ್ದು ದುಡ್ಡು. ಇದರ ತಂಗಿಯಂಥ ಇನ್ನೊಂದು ರೋಗ ಇದೆ, ಸ್ಟೈಲಿಶ್ ಫಾಂಟ್. ಬಳ್ಳಿ ಬಳ್ಳಿಯಾಗಿ 𝓬𝓱𝓲𝓴𝓶𝓪𝓰𝓪𝓵𝓾𝓻 ಅಂತ ಇರುತ್ತಲ್ಲ, ಪಕ್ಕದಲ್ಲೊಂದು ಕಾಫಿ ಕಪ್ಪು, ಮುಳ್ಳಯ್ಯನಗಿರಿಗೆ ಹೋದವರೆಲ್ಲ ಹಾಕ್ಕೊಳ್ಳೋದು. ಅದು ಫಾಂಟೇ ಅಲ್ಲ. ಗಣಿತದವರು ಒಂದೇ ಅಕ್ಷರವನ್ನು ಬೇರೆ ಬೇರೆ ಅರ್ಥಕ್ಕೆ ಬಳಸ್ತಾರೆ, ಆ ವ್ಯತ್ಯಾಸ ಉಳಿಯಲಿ ಅಂತ 2001ರಲ್ಲಿ ಯೂನಿಕೋಡ್‌ಗೆ ಸೇರಿಸಿದ ಚಿಹ್ನೆಗಳು ಅವು. ಕಣ್ಣಿಗೆ ಇಂಗ್ಲಿಷ್, ಫೋನಿಗೆ ಗಣಿತ. ಕನ್ನಡಕ್ಕೆ ಇಂಥ ಸೆಟ್ ಇಲ್ಲ, ದೊಡ್ಡ ಕ ಚಿಕ್ಕ ಕ ಅಂತಲೂ ಇಲ್ಲ. ಬಚಾವಾದೆವು.

ಹಾಸನದಲ್ಲಿ ನನ್ನ ಸ್ನೇಹಿತರೊಬ್ಬರಿಗೆ ಕಣ್ಣು ಕಾಣೋದಿಲ್ಲ. ಫೋನ್ ಓದಿ ಹೇಳುತ್ತೆ, ಅವರು ಕೇಳಿಸಿಕೊಳ್ತಾರೆ. ಈ ಬಳ್ಳಿ ಅಕ್ಷರ ಬಂದ ಕೂಡಲೇ ಅದು ‘ಮ್ಯಾಥಮ್ಯಾಟಿಕಲ್ ಬೋಲ್ಡ್ ಸ್ಕ್ರಿಪ್ಟ್ ಸ್ಮಾಲ್ ಸಿ, ಮ್ಯಾಥಮ್ಯಾಟಿಕಲ್ ಬೋಲ್ಡ್ ಸ್ಕ್ರಿಪ್ಟ್ ಸ್ಮಾಲ್ ಎಚ್’ ಅಂತ ಶುರು ಮಾಡುತ್ತೆ. ಊರಿನ ಹೆಸರು ಮುಗಿಯೋಕೆ ಹೀಗೆ ಹನ್ನೊಂದು ಸಲ. ಕೆಲವು ಫೋನು ಏನನ್ನೂ ಹೇಳದೆ ಹಾರಿಸಿಬಿಡ್ತವೆ. ಹೋಂಸ್ಟೇ ಆದರೆ ಹಾಳಾಗಿ ಹೋಗಲಿ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗಿದೆ ಅನ್ನೋ ಸುದ್ದಿಯನ್ನೂ ಒಂದು ಪೇಜಿನವರು ಇದೇ ಬಳ್ಳಿಯಲ್ಲಿ ಹಾಕಿದ್ದರು. ನನ್ನ ಸ್ನೇಹಿತರಿಗೆ ಅದು ಕೇಳಿಸಲಿಲ್ಲ. ಹುಡುಕಿದವರಿಗೆ ಸಿಗಲಿಲ್ಲ. ಕೆಳಗೆ ಜನ ಹಾರ್ಟ್ ಒತ್ತಿದ್ದಾರೆ. ಯಾರಿಗೆ ತೋರಿಸೋಕೆ ಬರೀತೀರ್ರೀ? ಗುಡ್ಡ ಕುಸಿದರೂ ಅಲಂಕಾರ ಮಾಡಿಯೇ ಹೇಳಬೇಕಾ? ನಿಜವಾಗಿ ಸಾಕಾಗಿದೆ.

ಹ್ಯಾಷ್‌ಟ್ಯಾಗ್ ಬೇರೆ ಉಳಿದಿದೆ. ಅಲ್ಲಿ ಕ್ಯಾಪಿಟಲ್ ಹಾಕಿದರೂ ಬಿಟ್ಟರೂ ಹೋಗಿ ಸೇರುವ ಪುಟ ಒಂದೇ. ಆದರೆ #CoffeeNaduHomestay ಅಂತ ಪದಕ್ಕೊಂದು ಕ್ಯಾಪಿಟಲ್ ಕೊಟ್ಟರೆ, ಓದಿ ಹೇಳುವ ಫೋನು ಸಾಮಾನ್ಯವಾಗಿ ಬಿಡಿಸಿ ಓದುತ್ತೆ. ಕ್ಯಾಪಿಟಲ್ ಕೆಲಸಕ್ಕೆ ಬರುವ ಈ ಒಂದು ಜಾಗದಲ್ಲೂ ನಮ್ಮ ಹುಡುಗ ಎಲ್ಲ ಚಿಕ್ಕದೇ ಮಾಡಿದ. ಮೇಲಿಂದ ನಡುವೆ ಚುಕ್ಕಿ ಇಟ್ಟ: #slow.chikkamagaluru. ಚುಕ್ಕಿ ಬಂದಲ್ಲಿಗೆ ಹ್ಯಾಷ್‌ಟ್ಯಾಗ್ ಕತ್ತರಿಸಿ ಹೋಗುತ್ತೆ. ಲಿಂಕ್ ಆದದ್ದು slow ಒಂದೇ. ಊರು ಹೊರಗೇ ಉಳೀತು.

ಈಗ ಇನ್‌ಬಾಕ್ಸ್ ಕಥೆ. ಬಯೋಗೆ ಹೊಂದುವ ಹಾಗೆ ಉತ್ತರವೂ ಚಿಕ್ಕಕ್ಷರದಲ್ಲಿ, ಫುಲ್‌ಸ್ಟಾಪ್ ಸಮೇತ ಇರಬೇಕು ಅಂತ ಗೌಡ್ರಿಗೆ ಅಪ್ಪಣೆ. ಮೈಸೂರಿನ ಹುಡುಗಿಯೊಬ್ಬಳು ಶನಿವಾರಕ್ಕೆ ರೂಮ್ ಇದೆಯಾ ಅಂಕಲ್ ಅಂತ ಕೇಳಿದಳು. ಗೌಡ್ರು yes. ಅಂದರು. ಊಟ ಸೇರಿನಾ? yes. ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವಳು ಕೇಳಿದಳು, ‘ಅಂಕಲ್, ನಾವು ಬರೋದು ನಿಮಗೆ ಇಷ್ಟ ಇಲ್ವಾ?’

ಪಾಪ, ಅವಳದ್ದು ತಪ್ಪಲ್ಲ. 2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸೀಲಿಯಾ ಕ್ಲಿನ್ ಮತ್ತು ಜೊತೆಯವರು ಇದನ್ನೇ ನೋಡಿದ್ದರು. ಒಂದೇ ಪದದ ಮೆಸೇಜಿನ ಕೊನೆಗೆ ಫುಲ್‌ಸ್ಟಾಪ್ ಇಟ್ಟರೆ ಓದಿದ ವಿದ್ಯಾರ್ಥಿಗಳಿಗೆ ಅದು ಮನಸ್ಸಿನಿಂದ ಬಂದ ಮಾತಲ್ಲ ಅನ್ನಿಸಿತ್ತು. ಅದೇ ಉತ್ತರ ಕೈಬರಹದ ಚೀಟಿಯಲ್ಲಿದ್ದಾಗ ಆ ವ್ಯತ್ಯಾಸ ಕಾಣಲಿಲ್ಲ. ಮೆಸೇಜಿನಲ್ಲಿ ಮಾತು ಮುಗೀತು ಅಂತ ಹೇಳೋಕೆ ಚುಕ್ಕಿ ಬೇಕಾಗಿಲ್ಲ, ಕಳಿಸಿದರೆ ಮುಗೀತು. ಹಾಗಾಗಿ ಇಟ್ಟ ಚುಕ್ಕಿಗೆ ಜನ ಬೇರೆ ಅರ್ಥ ಹುಡುಕ್ತಾರೆ.

ಗೌಡ್ರಿಗೆ ಈ ಅಧ್ಯಯನ ಯಾರೂ ಹೇಳಿಲ್ಲ. ‘ಮನೆಗೆ ಬರೋರ ಹತ್ರ ಮುಖ ಗಂಟು ಹಾಕ್ಕೊಂಡು ಮಾತಾಡೋದು ನಮ್ಮಲ್ಲಿ ಇಲ್ಲ ಮಾರಾಯ್ರೆ’ ಅಂತ ಅವರೇ ಟೈಪ್ ಮಾಡಿದರು: YES!!! ROOM IDE!!! BANNI!!! ಹುಡುಗಿ ನಾಲ್ಕು ಜನರನ್ನ ಕರೆದುಕೊಂಡು ಬಂದಳು. ಏಜೆನ್ಸಿಯವರು ಮಾತ್ರ ಸ್ಕ್ರೀನ್‌ಶಾಟ್ ಸಮೇತ ಉದ್ದದ ಮೇಲ್ ಕಳಿಸಿದ್ದಾರೆ. ಆಶ್ಚರ್ಯಸೂಚಕ ಬ್ರ್ಯಾಂಡಿಗೆ ಹೊಂದೋದಿಲ್ಲವಂತೆ, ಮುಂದಿನ ತಿಂಗಳ ಹಣ ಬೇಗ ಹಾಕಬೇಕಂತೆ.

ಗೌಡ್ರು ಉತ್ತರ ಕಳಿಸಿದರು: no.