ಹೆಬ್ಬೆಟ್ಟು ಅತ್ತೆಯದು ಹೌದು, ಮೊತ್ತ ಬರೆದವರು ಯಾರು?

ಶಿರಸಿಯಲ್ಲಿ ಸಂತೆ ದಿನ ಯಾವ ಬ್ಯಾಂಕಿಗೆ ಹೋದರೂ, ದಾರ ಕಟ್ಟಿದ ಪೆನ್ನಿರುವ ಮೇಜಿನ ಪಕ್ಕ ಐದು ನಿಮಿಷ ನಿಂತರೆ ಸಾಕು, "ತಮಾ, ಇದೊಂದು ತುಂಬಿಕೊಡು" ಎಂಬ ಮಾತು ಕಿವಿಗೆ ಬೀಳುತ್ತದೆ. ಕೇಳಿದವರು ಪಾಸ್‌ಬುಕ್ ಮತ್ತು ಹಣ ತೆಗೆಯುವ ಸ್ಲಿಪ್ಪನ್ನು ಗುರುತಿಲ್ಲದ ಹುಡುಗನ ಕೈಗೆ ಕೊಡುತ್ತಾರೆ. ಹುಡುಗ ಬರೆಯುತ್ತಾನೆ, ಅವರು ಹೆಬ್ಬೆಟ್ಟು ಒತ್ತುತ್ತಾರೆ, ಕೌಂಟರಿನಲ್ಲಿ ಹಣ ಸಿಗುತ್ತದೆ. ಹೆಚ್ಚಿನ ಸಲ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಜಪಾನಿನ ಯೊಕೊಹಾಮಾದಲ್ಲಿ ಬದುಕು ಕಟ್ಟಿಕೊಂಡಿರುವ ನನಗೆ ಈಗ ಈ ದೃಶ್ಯ ನೋಡಿದರೆ ಕಸಿವಿಸಿ. ಜಪಾನಿನವರು ನಮಗಿಂತ ಪ್ರಾಮಾಣಿಕರು ಎಂಬ ಕಾರಣಕ್ಕಲ್ಲ. ಸ್ಲಿಪ್ ಬರೆಯುವುದು ಯಾರ ಕೆಲಸ ಎಂಬುದನ್ನು ಅವರು ತೀರ್ಮಾನಿಸಿದ್ದಾರೆ, ನಾವಿನ್ನೂ ತೀರ್ಮಾನಿಸಿಲ್ಲ.

ನಮ್ಮ ಅತ್ತೆಯ ವಿಷಯ ಹೇಳುತ್ತೇನೆ. ಅಪ್ಪನ ಅಕ್ಕ, ಎಪ್ಪತ್ತೈದು ದಾಟಿದವಳು, ಶಿರಸಿಯಿಂದ ಒಳಗೆ ಹಳ್ಳಿಯ ತೋಟದ ಮನೆಯಲ್ಲಿರುತ್ತಾಳೆ. ಮೊದಲು ದುಂಡಗೆ ಸಹಿ ಮಾಡುತ್ತಿದ್ದಳು. ಕೈನಡುಕ ಶುರುವಾದ ಮೇಲೆ ಸಹಿ ದಿನಕ್ಕೊಂದು ನಮೂನೆ ಆಯಿತು. ಗ್ಲಾಕೋಮಾದಿಂದ ಕಣ್ಣೂ ಮಂದವಾಯಿತು. "ಸಹಿ ತಾಳೆ ಆಗುತ್ತಿಲ್ಲ" ಎಂದು ಬ್ಯಾಂಕಿನವರು ಚೆಕ್ ವಾಪಸು ಕಳಿಸಿದರು, ಕೊನೆಗೆ ಖಾತೆಯನ್ನೇ ಹೆಬ್ಬೆಟ್ಟಿಗೆ ಬದಲಿಸಿದರು. ಹೊಸ ಫೋಟೊ ತೆಗೆಸಿ ಪಾಸ್‌ಬುಕ್ಕಿಗೆ ಅಂಟಿಸಿದರು, ಚೆಕ್‌ಬುಕ್ ಹಿಂದಕ್ಕೆ ಪಡೆದರು, ಇನ್ನು ಹಣ ಬೇಕಾದರೆ ನೀವೇ ಬರಬೇಕು ಎಂದರು.

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳನ್ನು ಒಂದೇ ಗಂಟಿಗೆ ಹಾಕಿದಂತಾಯಿತು. ಕೈ ಆಡದವರಿಗೆ ಹೆಬ್ಬೆಟ್ಟು ಸರಿ. ಕಣ್ಣು ಕಾಣದವರು ಕಾನೂನಿನ ಪ್ರಕಾರ ಒಪ್ಪಂದ ಮಾಡಲು ಅರ್ಹರು, ಆದ್ದರಿಂದ ಚೆಕ್‌ಬುಕ್, ಎಟಿಎಂ, ನೆಟ್ ಬ್ಯಾಂಕಿಂಗ್, ಲಾಕರ್, ಸಾಲ ಎಲ್ಲವನ್ನೂ ಭೇದವಿಲ್ಲದೆ ಕೊಡಿ ಎಂದು ರಿಸರ್ವ್ ಬ್ಯಾಂಕ್ 2008ರ ಜೂನ್‌ನಲ್ಲೇ ಹೇಳಿದೆ. ಸಹಿ ಸ್ಥಿರವಾಗಿರುವ ಅಂಧರನ್ನು "ಕಾಣುವುದಿಲ್ಲವಲ್ಲ" ಎಂದು ಹೆಬ್ಬೆಟ್ಟಿನ ಖಾತೆಗೆ ತಳ್ಳಲು ಯಾವ ನಿಯಮವೂ ಇಲ್ಲ. ಹಾಗೆ ಮಾಡಲು ಬಂದರೆ ಬರಹದಲ್ಲಿ ಕೊಡಿ ಎಂದು ಕೇಳಬೇಕು. ಬರಹದಲ್ಲಿ ಕೊಡಿ ಎಂದ ಕೂಡಲೇ ಅರ್ಧ ತಕರಾರು ಕರಗುವುದನ್ನು ನಾನು ಕಂಡಿದ್ದೇನೆ.

ಮಳೆಗಾಲದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಗೆ ನಲವತ್ತು ಸಾವಿರ ಬೇಕಿತ್ತು, ಅಡಿಕೆ ಮಾರಿದ ದುಡ್ಡು ಖಾತೆಯಲ್ಲೇ ಇತ್ತು. ಅತ್ತೆಯ ಮಗ, ನನ್ನ ಭಾವ, ಮನೆಯಲ್ಲೇ ಸ್ಲಿಪ್ಪಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಬ್ಯಾಂಕಿಗೆ ಹೋದ. ಕೊಡಲಿಲ್ಲ. ಭಾವನಿಗೆ ಸಿಟ್ಟು ಬಂತು. ನಾನು ರಜೆಯಲ್ಲಿ ಊರಲ್ಲೇ ಇದ್ದೆ, ನನಗೆ ಬ್ಯಾಂಕಿನವರು ಮಾಡಿದ್ದು ಸರಿ ಅನ್ನಿಸಿತು.

ಏಕೆಂದರೆ ಸಹಿಯನ್ನು ಕಣ್ಣಿನಿಂದ ತಾಳೆ ನೋಡಬಹುದು, ಶಾಯಿಯ ಹೆಬ್ಬೆಟ್ಟನ್ನು ಕೌಂಟರಿನಲ್ಲಿ ಕೂತವರು ತಾಳೆ ನೋಡಲಾರರು. ಗೆರೆಗಳನ್ನು ಹೋಲಿಸಲು ತರಬೇತಿ ಬೇಕು. ಯಾರ ಎದುರಿನಲ್ಲಿ ಒತ್ತಿದ್ದು ಎಂಬುದರಿಂದಲೇ ಆ ಗುರುತಿಗೆ ಬೆಲೆ. ಅದಕ್ಕೇ ರಿಸರ್ವ್ ಬ್ಯಾಂಕಿನ ಸೂಚನೆಯಲ್ಲಿ ಇಬ್ಬರು ಸ್ವತಂತ್ರ ಸಾಕ್ಷಿಗಳು ಬೇಕು ಎಂದಿದೆ. ಇಬ್ಬರೂ ಬ್ಯಾಂಕಿಗೆ ಪರಿಚಯ ಇರುವವರಾಗಿರಬೇಕು, ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯೇ ಆಗಿರಬೇಕು. ಕೈ ಹೆಬ್ಬೆಟ್ಟು ಆಗದಿದ್ದರೆ ಕಾಲಿನದ್ದೂ ನಡೆಯುತ್ತದೆ. ಅದೂ ಆಗದಿದ್ದರೆ ಯಾವುದಾದರೊಂದು ಗುರುತು ಸಾಕು. ಬರೆಯಲಾರದವರ ಪಾಲಿಗೆ ಗುರುತೂ ಸಹಿಯೇ ಎಂದು ಜನರಲ್ ಕ್ಲಾಸಸ್ ಕಾಯ್ದೆ ಹೇಳುತ್ತದೆ. ಆದರೆ ಆ ಗುರುತಿಗೂ ಆ ವ್ಯಕ್ತಿಯ ಮೈಗೂ ಸ್ಪರ್ಶ ಇರಲೇಬೇಕು ಎಂದು ಸುಪ್ರೀಂ ಕೋರ್ಟು 1950ರಲ್ಲೇ ಹೇಳಿದೆ. ಪರವಾಗಿ ಬೇರೆಯವರು ಗೀಚಿದರೆ ಆಗದು.

ಎರಡು ದಿನ ಬಿಟ್ಟು ಬ್ಯಾಂಕಿನ ಅಧಿಕಾರಿಯೊಬ್ಬರು ಕೊಡೆ ಹಿಡಿದುಕೊಂಡು ಮನೆಗೇ ಬಂದರು. 70 ದಾಟಿದವರಿಗೆ, ಅಂಗವಿಕಲರಿಗೆ ಮನೆಬಾಗಿಲಿಗೆ ಸೇವೆ ಕೊಡಲು ಶ್ರಮಿಸಿ ಎಂದು ರಿಸರ್ವ್ ಬ್ಯಾಂಕ್ 2017ರ ನವೆಂಬರಿನಲ್ಲಿ ಬ್ಯಾಂಕುಗಳಿಗೆ ತಿಳಿಸಿದೆ. ಶ್ರಮಿಸಿ ಎಂಬುದು ಮೆತ್ತನೆಯ ಮಾತು, ಶ್ರಮಿಸುವುದು ಬಿಡುವುದು ಮ್ಯಾನೇಜರಿನ ಮನಸ್ಸಿಗೆ ಬಿಟ್ಟದ್ದು. ನಮ್ಮ ಪುಣ್ಯಕ್ಕೆ ಇವರು ಬಂದರು. ಎರಡನೆಯ ಸಾಕ್ಷಿಯಾಗಿ ಅದೇ ಶಾಖೆಯಲ್ಲಿ ಖಾತೆ ಇರುವ ನಿವೃತ್ತ ಮಾಸ್ತರರನ್ನು ಕರೆಸಿದ್ದೆವು. ಹಣ ಪಡೆಯುವವನು ಯಾರು ಎಂದು ಅಧಿಕಾರಿ ಅತ್ತೆಯನ್ನೇ ಕೇಳಿದರು. ಅತ್ತೆ ಮಗನ ಹೆಸರು ಹೇಳಿದಳು. ಅವನ ಗುರುತನ್ನೂ ಸಾಕ್ಷಿಗಳು ಹೇಳಬೇಕು, ಅವನ ಸಹಿಯನ್ನೂ ಬ್ಯಾಂಕು ಇಟ್ಟುಕೊಳ್ಳಬೇಕು, ಅದೂ ಆಯಿತು.

ಇಷ್ಟೆಲ್ಲ ಆದಾಗ ಸ್ಲಿಪ್ಪಿನ ಮೊತ್ತವನ್ನು ಭಾವ ಆಗಲೇ ಬರೆದಿಟ್ಟಿದ್ದ. ಅಧಿಕಾರಿ ಇಂಕ್‌ಪ್ಯಾಡ್ ತೆರೆದು ಅತ್ತೆಯ ಬೆರಳು ಹಿಡಿದರು. ಅತ್ತೆ ಬೆರಳು ಮಡಚಿಕೊಂಡಳು. "ಎಷ್ಟು ಹೇಳಿ ಬರದ್ದ? ಒಂದ್ಸಲ ಓದಿ" ಅಂದಳು. ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಭಾವನ ಮುಖ ಕೆಂಪಾಯಿತು, ಅಮ್ಮ ತನ್ನನ್ನೇ ಅನುಮಾನಿಸಿದಳು ಎಂದು. ಅಧಿಕಾರಿ ಸ್ಲಿಪ್ ತಿರುಗಿಸಿ ಅಂಕಿಯಲ್ಲಿ ಬರೆದದ್ದು, ಅಕ್ಷರದಲ್ಲಿ ಬರೆದದ್ದು ಎರಡನ್ನೂ ಓದಿದರು. ನಲವತ್ತು ಸಾವಿರವೇ ಇತ್ತು. ಆಮೇಲೆ ಬೆರಳು ಕೊಟ್ಟಳು.

ಅತ್ತೆ ಕೇಳಿದ್ದನ್ನು ನಿಯಮ ಕೇಳುವುದಿಲ್ಲ, ನನ್ನ ತಕರಾರು ಇರುವುದೇ ಇಲ್ಲಿ. ಇಬ್ಬರು ಸಾಕ್ಷಿಗಳು ಹೇಳುವುದು ಈ ಬೆರಳು ಇವರದ್ದೇ ಎಂದು ಮಾತ್ರ. ಕಾಗದದಲ್ಲಿರುವ ಮೊತ್ತ ಇವರು ಹೇಳಿದ್ದೇ ಎಂದು ಯಾರೂ ಸಹಿ ಹಾಕುವುದಿಲ್ಲ. ಐದು ಸಾವಿರದ ಎಡಕ್ಕೆ ಒಂದು ಎಂಬ ಅಂಕಿ ಸೇರಿಸಿ ಹದಿನೈದು ಸಾವಿರ ಮಾಡಿದರೂ ಹೆಬ್ಬೆಟ್ಟು ಅಸಲಿಯೇ, ಸಾಕ್ಷಿಯೂ ಅಸಲಿಯೇ.

ಜಪಾನಿನಲ್ಲಿ ಹೆಚ್ಚಾಗಿ ಸಹಿಯ ಬದಲು ಮೊಹರು. ಹೆಚ್ಚಿನವರಿಗೆ ಬ್ಯಾಂಕಿನಲ್ಲಿ ನೋಂದಾಯಿಸಿದ ಪುಟ್ಟ ಹೆಸರಿನ ಮೊಹರು ಇರುತ್ತದೆ, ಹಾಗಾಗಿ ಸಹಿ ಬಾರದ್ದೊಂದು ಕುಂದು ಅನ್ನಿಸುವುದೇ ಇಲ್ಲ. ಆದರೆ ಸ್ಲಿಪ್ಪಿನಲ್ಲಿ ಹೆಸರು, ಮೊತ್ತ ಕೈಯಿಂದಲೇ ಬರೆಯಬೇಕು. ನಮ್ಮ ಕಟ್ಟಡದಲ್ಲಿರುವ ಕಣ್ಣು ಮಂದವಾದ ಅಜ್ಜನೊಬ್ಬರ ಜತೆ ಬ್ಯಾಂಕಿಗೆ ಹೋಗಿದ್ದೆ. ಊರಿನ ಅಭ್ಯಾಸದಲ್ಲಿ ಪೆನ್ನು ತೆಗೆದುಕೊಳ್ಳಲು ಹೋದರೆ, ಕೌಂಟರಿನ ಹೆಂಗಸು ತಲೆ ಬಾಗಿಸಿ ನನ್ನನ್ನು ಹಿಂದಿನ ಕುರ್ಚಿಗೆ ಕಳಿಸಿದಳು. ಅಜ್ಜ ಹೇಳಿದಂತೆ ತಾನೇ ಬರೆದಳು. ಒಳಗಿನಿಂದ ಇನ್ನೊಬ್ಬ ಬಂದು, ಅವಳು ಬರೆದದ್ದನ್ನು ತೋರಿಸದೆ, ಎಷ್ಟು ಬೇಕೆಂದು ಅಜ್ಜನನ್ನು ಮತ್ತೆ ಕೇಳಿದ, ಆಮೇಲೆ ಕಾಗದ ನೋಡಿ ಗಟ್ಟಿಯಾಗಿ ಓದಿದ. ಇಬ್ಬರೂ ತಮ್ಮ ತಮ್ಮ ಮೊಹರು ಒತ್ತಿದರು. ಕೊನೆಗೆ ಅಜ್ಜನ ಮೊಹರು. ಬರೆಯಲಾಗದವರಿಗೆ ಸಿಬ್ಬಂದಿ ಬರೆದುಕೊಡುವುದು, ಒಬ್ಬರಿಗಿಂತ ಹೆಚ್ಚು ಸಿಬ್ಬಂದಿ ಅದನ್ನು ಖಚಿತಪಡಿಸಿಕೊಳ್ಳುವುದು, ಇವನ್ನು ಅಲ್ಲಿನ ಹಣಕಾಸು ನಿಯಂತ್ರಕರ ಮಾರ್ಗಸೂಚಿಯೇ ಬಯಸುತ್ತದೆ.

ಅವರದ್ದೆಲ್ಲ ಚಂದ ಎಂದು ಹೇಳಲಾರೆ. ಹಿಂದೆ ಮೊಹರಿನ ಅಚ್ಚನ್ನು ಪಾಸ್‌ಬುಕ್ಕಿನೊಳಗೇ ಅಂಟಿಸುತ್ತಿದ್ದರು, ಪಾಸ್‌ಬುಕ್ ಕದ್ದವರು ಅದನ್ನು ನೋಡಿ ನಕಲಿ ಮೊಹರು ಮಾಡಿಕೊಂಡರು, ಆಮೇಲೆ ಆ ಪದ್ಧತಿ ಬಿಟ್ಟರು. ಮರೆವಿನ ಕಾಯಿಲೆ ಬಂದರಂತೂ ಮಕ್ಕಳಿಗೂ ಹಣ ಸಿಗುವುದು ಕಷ್ಟ. ಕೋರ್ಟಿನಿಂದ ಪಾಲಕರನ್ನು ನೇಮಿಸಿಕೊಂಡು ಬನ್ನಿ ಎನ್ನುತ್ತಾರೆ, ನೇಮಕವಾದರೆ ಹೆಚ್ಚಾಗಿ ಜೀವ ಇರುವ ತನಕ ಅದೇ. ನಮ್ಮಲ್ಲಿ ಅಂಥ ಹೊತ್ತಿನಲ್ಲಿ ಮನೆಯವರು ಹೇಗೋ ನಿಭಾಯಿಸುತ್ತಾರೆ, ಆ ಸಡಿಲಕ್ಕೂ ಬೆಲೆ ಇದೆ. ಆದರೆ ಅತ್ತೆಯ ಬುದ್ಧಿ ಚುರುಕಾಗಿಯೇ ಇದೆ, ಕೈ ಕಣ್ಣು ಮಾತ್ರ ಸೋತಿವೆ. ಅಂಥವರ ಮಟ್ಟಿಗೆ ಆ ಅಜ್ಜನ ಬ್ಯಾಂಕಿನ ರೀತಿಯೇ ಮೇಲು.

ಬೆರಳಚ್ಚಿನ ಯಂತ್ರ ಬಂದಿದೆಯಲ್ಲ, ಇನ್ನೇನು ತೊಂದರೆ ಎನ್ನುವವರಿದ್ದಾರೆ. ಹಳ್ಳಿಯಲ್ಲಿ ಆಧಾರ್ ಬೆರಳಿಟ್ಟು ಹಣ ಕೊಡುವ ಬ್ಯಾಂಕ್ ಮಿತ್ರರ ಯಂತ್ರ ಗೆರೆ ತಾಳೆ ನೋಡುವುದರಲ್ಲಿ ಗಟ್ಟಿಗ. ಆದರೂ ಅಡಿಕೆ ಸುಲಿದು ಚೊಗರು ಹಿಡಿದ, ಕತ್ತಿಯ ಗಾಯವಾದ ಬೆರಳನ್ನು ಎಷ್ಟೋ ಸಲ ಒಪ್ಪುವುದಿಲ್ಲ, ಸುಲಿಗೆಯ ಕಾಲದಲ್ಲಿ ಇದು ಎಲ್ಲರ ಗೋಳು. ದೊಡ್ಡ ತೊಂದರೆ ಅದಲ್ಲ. ಅಲ್ಲಿಯೂ ಮೊತ್ತ ಒತ್ತುವವನು ಎದುರಿಗೆ ಕೂತವನು, ಪರದೆ ಅವನ ಕಡೆಗಿರುತ್ತದೆ. "ಫೇಲ್ ಆಯ್ತು ಅಜ್ಜಿ, ಮತ್ತೊಮ್ಮೆ ಇಡಿ" ಎಂದಾಗ ಮೊದಲನೆಯದು ನಿಜಕ್ಕೂ ಫೇಲ್ ಆಗಿತ್ತೇ ಎಂದು ತಿಳಿಯುವ ದಾರಿ ಕಣ್ಣಿಲ್ಲದವರಿಗೆ ಇಲ್ಲ.

ಇದಕ್ಕೆ ಅತ್ತೆಗೆ ನಾನು ಹೇಳಿಕೊಟ್ಟದ್ದು ಬಾಯಿಲೆಕ್ಕ. ಮೊದಲು ಬೆರಳಿಟ್ಟು ಬ್ಯಾಲೆನ್ಸ್ ಮಾತ್ರ ಕೇಳು, 23,400 ಅಂದರು ಅನ್ನು. ಆಮೇಲೆ ಐದು ಸಾವಿರ ತೆಗೆ. ಮತ್ತೆ ಬ್ಯಾಲೆನ್ಸ್ ಕೇಳು, 18,400 ಬರಬೇಕು. ನಡುವೆ ಫೇಲ್ ಅಂದರೆ ಎರಡನೆಯ ಸಲ ಬೆರಳಿಡುವ ಮೊದಲೇ ಬ್ಯಾಲೆನ್ಸ್ ಕೇಳು. ಅದು ಇಳಿದಿದ್ದರೆ ಸುಮ್ಮನೆ ಎದ್ದು ಬಾ, ಚೀಟಿ ಇಸಿದುಕೊಂಡು ಬಾ. ನಿಜಕ್ಕೂ ಫೇಲ್ ಆಗಿ ದುಡ್ಡು ಕಡಿತವಾಗಿದ್ದರೆ ಐದು ದಿನದೊಳಗೆ ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಎಂದು 2019ರಿಂದ ನಿಯಮವಿದೆ. ಯಂತ್ರ ಹಿಡಿದ ಹುಡುಗನೇ ಎರಡೂ ಬ್ಯಾಲೆನ್ಸನ್ನು ಸುಳ್ಳು ಹೇಳಿದರೆ? ಹೇಳಬಹುದು. ಅದಕ್ಕೇ ಎಸ್ಎಂಎಸ್ ಹೋಗುವ ನಂಬರು ಅತ್ತೆಯದ್ದೇ ಇರಬೇಕು, ಅದನ್ನು ಓದುವವರು ಬೇರೆಯವರಾಗಿರಬೇಕು.

ಮಾತಾಡುವ ಎಟಿಎಂ ಬಗ್ಗೆ ಹೆಚ್ಚು ಹೇಳುವುದಿಲ್ಲ. 2014ರ ಜುಲೈಯಿಂದ ಹೊಸದಾಗಿ ಹಾಕುವ ಎಲ್ಲ ಎಟಿಎಂಗಳೂ ಬ್ರೈಲ್ ಕೀಲಿಗಳಿರುವ, ಮಾತಾಡುವ ಯಂತ್ರಗಳಾಗಿರಬೇಕು. ಮಾತು ಕೇಳಲು ತಂತಿಯ ಇಯರ್‌ಫೋನನ್ನು ನಾವೇ ಒಯ್ಯಬೇಕು. ಈಗ ತಂತಿಯದ್ದು ಯಾರ ಹತ್ತಿರ ಇದೆ? ಯೊಕೊಹಾಮಾದ ನಮ್ಮ ಕೇರಿಯ ಯಂತ್ರದ ಪಕ್ಕ ಫೋನಿನ ರಿಸೀವರು ನೇತಾಡುತ್ತಿರುತ್ತದೆ, ಎತ್ತಿ ಕಿವಿಗಿಟ್ಟರೆ ಆಯಿತು.

ನಾನು ಕೇಳುವುದು ಸ್ಲಿಪ್ಪಿನಲ್ಲಿ ಎರಡು ಸಾಲಿನ ಜಾಗ. "ಬರೆದವರು" ಎಂದು ಒಂದು ಗೆರೆ, "ಓದಿ ಹೇಳಿದವರು" ಎಂದು ಇನ್ನೊಂದು, ಎರಡೂ ಒಬ್ಬರೇ ಆಗಬಾರದು, ಎರಡನೆಯವರು ಬ್ಯಾಂಕಿನವರೇ ಆಗಿರಬೇಕು. ಆ ಅಧಿಕಾರಿಗೆ ಇದನ್ನು ಹೇಳಿದೆ. ಅವರು ಚಾ ಕುಡಿಯುತ್ತಾ, ನಮ್ಮ ಶಾಖೆಯಲ್ಲಿ ನಾನೊಬ್ಬ, ಕ್ಯಾಶಿಯರ್ ಒಬ್ಬ, ಸಂತೆ ದಿನ ಓದುತ್ತಾ ಕೂತರೆ ಸರದಿ ಗೇಟಿನ ಹೊರಗೆ ಹೋಗುತ್ತದೆ ಎಂದರು. ಸುಳ್ಳಲ್ಲ. ಎಲ್ಲರಿಗೂ ಬೇಡ, ಹೆಬ್ಬೆಟ್ಟಿನ ಸ್ಲಿಪ್ಪಿಗೆ ಮಾತ್ರ, ಅದೂ ಹತ್ತು ಸಾವಿರ ದಾಟಿದ್ದಕ್ಕೆ ಮಾತ್ರ ಶುರು ಮಾಡಿ ಎಂದೆ. ಅದಕ್ಕೆ ಮೇಲಿನಿಂದ ಆದೇಶ ಬರಬೇಕು ಎಂದರು. ಸದ್ಯಕ್ಕೆ ಸ್ಲಿಪ್ಪಿನ ಹಿಂಬದಿಯಲ್ಲಿ "ಮೊತ್ತ ಓದಿ ಹೇಳಲಾಗಿದೆ" ಎಂದು ಬರೆದು ಅವರೇ ಸಹಿ ಹಾಕುತ್ತಾರೆ, ಅತ್ತೆಯ ಸ್ಲಿಪ್ಪಿಗೆ ಮಾತ್ರ.